ಬರೆ ಕುಸಿದ ಮನೆಯ ಕ್ಲೇಮು: ಹಣ ಬಂತು, ತಡವಾದ ತಿಂಗಳುಗಳ ಬಡ್ಡಿ ಬರಲಿಲ್ಲ

ಮಾದಾಪುರ_ಮನೆ · 22 ಮಾರ್ಚ್ 2025, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಕಳೆದ ವರ್ಷ ಜುಲೈ 18ರ ರಾತ್ರಿ ನಮ್ಮ ಮನೆ ಹಿಂದಿನ ಬರೆ, ಅಂದರೆ ಗುಡ್ಡ ಕಡಿದ ಮಣ್ಣಿನ ದಿಣ್ಣೆ, ಕುಸಿಯಿತು. ಅಡುಗೆಮನೆಯ ಹಿಂಗೋಡೆ ಒಡೆದು ಕೆಂಪು ಮಣ್ಣು ಒಲೆ ತನಕ ಬಂತು. ಬಚ್ಚಲು ಪೂರ್ತಿ ಹೋಯಿತು. ಹಂಡೆ ಮಾತ್ರ ಮಣ್ಣಿನ ಮೇಲೆ ಬಾಯಿ ಬಿಟ್ಟುಕೊಂಡು ಕೂತಿತ್ತು. ಅತ್ತೆ ಆ ಹೊತ್ತಿಗೆ ಮುಂದಿನ ಕೋಣೆಯಲ್ಲಿದ್ದರು, ಯಾರಿಗೂ ಏನೂ ಆಗಲಿಲ್ಲ.

ಮನೆಗೆ ಭಾರತ್ ಗೃಹ ರಕ್ಷಾ ಪಾಲಿಸಿ ಇತ್ತು. ಮಾರನೇ ದಿನ 19ಕ್ಕೆ ಫೋನ್ ಮಾಡಿ ತಿಳಿಸಿದೆ. ಕ್ಲೇಮ್ ನಂಬರ್ ಎಸ್ಸೆಮ್ಮೆಸ್‌ನಲ್ಲಿ ಬಂತು. ಸರ್ವೇಯರ್ ಬಂದಿದ್ದು 24ಕ್ಕೆ. ಟೇಪ್ ಹಿಡಿದು ಗೋಡೆ ಅಳೆದರು, ಫೋಟೋ ತೆಗೆದರು. 26ಕ್ಕೆ ವಾಟ್ಸಾಪಿನಲ್ಲಿ ಕಾಗದಗಳ ಪಟ್ಟಿ ಕಳಿಸಿದರು. ಕ್ಲೇಮ್ ಫಾರಂ, ಕಾಂಟ್ರಾಕ್ಟರ್ ಎಸ್ಟಿಮೇಟ್, ಮನೆ ಕಂದಾಯದ ರಶೀದಿ, ಕ್ಯಾನ್ಸಲ್ ಮಾಡಿದ ಚೆಕ್ಕು, ಫೋಟೋ. ಎಲ್ಲವನ್ನೂ ಆಗಸ್ಟ್ 9ಕ್ಕೆ ಆಫೀಸಿಗೇ ಹೋಗಿ ಕೊಟ್ಟು ಸೀಲ್ ಹಾಕಿಸಿಕೊಂಡೆ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆಗಸ್ಟ್ ಕೊನೆಗೆ ಗ್ರಾಮ ಆಡಳಿತಾಧಿಕಾರಿ ಸರ್ಟಿಫಿಕೇಟ್ ಬೇಕು ಅಂದರು. ಸೆಪ್ಟೆಂಬರ್ 2ಕ್ಕೆ ಕೊಟ್ಟೆ. ಅಕ್ಟೋಬರಿನಲ್ಲಿ ಮಳೆ ಎಷ್ಟು ಬಿತ್ತು ಅನ್ನೋದಕ್ಕೆ ದಾಖಲೆ ಕೇಳಿದರು. ಅದನ್ನು 14ಕ್ಕೆ ಕೊಟ್ಟೆ. ಡಿಸೆಂಬರಿನಲ್ಲಿ ಮನೆಯ ಪ್ಲಾನ್ ಮತ್ತು ಪಹಣಿ ಕೇಳಿದರು. 12ಕ್ಕೆ ಕೊಟ್ಟೆ. ಜನವರಿ 27ಕ್ಕೆ 4,20,000 ರೂಪಾಯಿ ಒಪ್ಪಿದ್ದೇವೆ ಅಂತ ಪತ್ರ ಬಂತು. ಫೆಬ್ರವರಿ 3ಕ್ಕೆ ವೋಚರಿಗೆ ಸಹಿ ಹಾಕಿದೆ. ಮಾರ್ಚ್ 10ಕ್ಕೆ ಹಣ ಖಾತೆಗೆ ಬಂತು. ಸರಿಯಾಗಿ 4,20,000, ಒಂದು ರೂಪಾಯಿಯೂ ಹೆಚ್ಚಿಲ್ಲ.

ಮೊತ್ತದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಈ ಏಳು ತಿಂಗಳಲ್ಲಿ ಗೋಡೆ ಕಟ್ಟಿಸಲು ಸಂಘದಿಂದ ಸಾಲ ತಂದು ಬಡ್ಡಿ ಕಟ್ಟಿದ್ದೇನೆ. ವಿಮಾ ಕಂಪನಿಗೆ ಇಷ್ಟೇ ದಿನದಲ್ಲಿ ತೀರ್ಮಾನ ಮಾಡಬೇಕು ಅಂತ ಲೆಕ್ಕ ಇಲ್ಲವಾ? ತಡವಾದರೆ ಬಡ್ಡಿ ಕೊಡಬೇಕಲ್ವಾ?

ಸುಂಟಿಕೊಪ್ಪ_ಏಜೆಂಟ್ · 22 ಮಾರ್ಚ್ 2025, ರಾತ್ರಿ 9:48

ಅಕ್ಕಾ, ನಾನು ಹದಿನಾಲ್ಕು ವರ್ಷದಿಂದ ಏಜೆನ್ಸಿ ಮಾಡುತ್ತಿದ್ದೇನೆ. ಬಡ್ಡಿ ಇದೆ. ಆರ್‌ಬಿಐ ಬ್ಯಾಂಕ್ ರೇಟಿನ ಮೇಲೆ ಶೇ. 2. ಆದರೆ ಅದಕ್ಕೆ 30 ದಿನ ಬಿಡಬೇಕು. ಕೊನೆಯ ಕಾಗದ ಕೊಟ್ಟಿದ್ದು ಡಿಸೆಂಬರ್ 12ಕ್ಕೆ ತಾನೇ? ಅಲ್ಲಿಂದ 30 ದಿನ ಅಂದರೆ ಜನವರಿ 11. ಅದರ ನಂತರದ ದಿನಗಳಿಗೆ ಮಾತ್ರ ಬಡ್ಡಿ. ಎರಡು ತಿಂಗಳದ್ದು ಆಗುತ್ತದೆ, ಐದಾರು ಸಾವಿರ. ಆದರೆ ನೀವು ವೋಚರಿಗೆ ಸಹಿ ಹಾಕಿದ್ದೀರಿ. ಅದರಲ್ಲಿ ಪೂರ್ಣ ಮತ್ತು ಅಂತಿಮ ಅಂತ ಇರುತ್ತದೆ. ಹಾಗಾಗಿ ಇನ್ನು ಕೇಳಲು ಆಗುವುದಿಲ್ಲ ಅನ್ನಿಸುತ್ತದೆ.

ಶನಿವಾರಸಂತೆ_ಮೆಣಸು · 22 ಮಾರ್ಚ್ 2025, ರಾತ್ರಿ 10:20

ನನ್ನದೂ ಇದೇ ಕಥೆ. ಕಾಳುಮೆಣಸಿಗೆ ವಿಮೆ ಕಟ್ಟಿ ಎಷ್ಟೋ ಸಮಯ ಆಯಿತು, ಹಣ ಇನ್ನೂ ಬಂದಿಲ್ಲ. ಪೋರ್ಟಲಿನಲ್ಲಿ ನೋಡಿದರೆ ಅದೇ ಸ್ಟೇಟಸ್. ನನಗೂ ಈ ಬ್ಯಾಂಕ್ ರೇಟ್ ಪ್ಲಸ್ ಎರಡು ಸಿಗುತ್ತದಾ?

ಕುಶಾಲನಗರ_ಹಳೇ_ಸರ್ವೇಯರ್ · 23 ಮಾರ್ಚ್ 2025, ಬೆಳಿಗ್ಗೆ 6:35

ಮೆಣಸಿನವರೇ, ನಿಮ್ಮದು ಬೇರೆ ದಾರಿ. ಅದು ಹವಾಮಾನ ಆಧಾರಿತ ಬೆಳೆ ವಿಮೆ, ಸರ್ಕಾರದ ಯೋಜನೆ. ಅಲ್ಲಿ ಸರ್ವೇಯರೂ ಬರುವುದಿಲ್ಲ, ನೀವು ಕ್ಲೇಮ್ ಫಾರಂ ಕೊಡುವುದೂ ಇಲ್ಲ. ಮಳೆ ಮಾಪಕದ ಅಂಕಿ ನೋಡಿ ಲೆಕ್ಕ ಹಾಕುತ್ತಾರೆ. ಫಸಲ್ ಬಿಮಾ ಮಾರ್ಗಸೂಚಿಯಲ್ಲಿ ತಡಕ್ಕೆ ವರ್ಷಕ್ಕೆ ಶೇ. 12 ಬಡ್ಡಿ ಅಂತ ಇದೆ. ಆದರೆ ಆ ದಿನಗಳ ಎಣಿಕೆ ಸರ್ಕಾರದ ಪಾಲಿನ ಹಣ, ಅಂಕಿಅಂಶ ಇವೆಲ್ಲ ಕಂಪನಿಗೆ ಸೇರಿದ ಮೇಲಿನದ್ದು. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬರೆಯುತ್ತೇನೆ.

ಈಗ ಮಾದಾಪುರದ ಮೇಡಂ ವಿಷಯ. ಏಜೆಂಟ್ ಅವರು ಹೇಳಿದ 30 ದಿನ ಹಳೆಯದು. ಅದು 2017ರ ಪಾಲಿಸಿದಾರರ ಹಿತರಕ್ಷಣೆ ನಿಯಮದ್ದು. ಆಗ ಸರ್ವೇಯರ್‌ ನೇಮಕಕ್ಕೆ 72 ಗಂಟೆ, ವರದಿಗೆ 30 ದಿನ, ವರದಿ ಬಂದ ಮೇಲೆ ತೀರ್ಮಾನಕ್ಕೆ ಇನ್ನೊಂದು 30 ದಿನ ಇತ್ತು. 2024ರ ಜೂನ್ 11ಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಜನರಲ್ ಇನ್ಶೂರೆನ್ಸಿಗೆ ಹೊಸ ಮಾಸ್ಟರ್ ಸರ್ಕ್ಯುಲರ್ ಹೊರಡಿಸಿತು. ಅದರಲ್ಲಿ ಕ್ಲೇಮು ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ ಆಗಬೇಕು. 15 ದಿನದಲ್ಲಿ ವರದಿ ಬರಬೇಕು. ವರದಿ ಬಂದ 7 ದಿನದಲ್ಲಿ ಕಂಪನಿ ಕೊಡುತ್ತೇವೆ ಅಥವಾ ಕೊಡುವುದಿಲ್ಲ ಅಂತ ಹೇಳಬೇಕು. ನಿಮ್ಮ ಬರೆ ಕುಸಿದಿದ್ದು ಜುಲೈನಲ್ಲಿ, ಅಂದರೆ ಹೊಸ ಲೆಕ್ಕ ಬಂದ ಮೇಲೆ.

ವರದಿ ತಡವಾದರೆ ಅದು ಸರ್ವೇಯರ್ ತಪ್ಪು, ನಮ್ಮದಲ್ಲ ಅಂತ ಕಂಪನಿ ಹೇಳುವ ಹಾಗಿಲ್ಲ. ಸರ್ವೇಯರನ್ನು ಕಳಿಸಿದ್ದು ಕಂಪನಿ, ಫೀಸು ಕೊಡುವುದೂ ಕಂಪನಿ. ವರದಿ ತರಿಸಿಕೊಳ್ಳುವ ಹೊಣೆಯೂ ಅವರದೇ. ನಾನೇ ಆ ಕೆಲಸ ಮಾಡಿದವನು, ಹಾಗಾಗಿ ಇದನ್ನು ಒತ್ತಿ ಹೇಳುತ್ತೇನೆ.

ಒಂದು ಕೆಲಸ ಮಾಡಿ. ಪಾಲಿಸಿಯ ಹಿಂದಿನ ಪುಟಗಳಲ್ಲಿ ಬಡ್ಡಿಯ ಬಗ್ಗೆ ಒಂದು ಸಾಲು ಇರುತ್ತದೆ. ಅದರಲ್ಲಿ ಬಡ್ಡಿ ಯಾವ ದಿನದಿಂದ ಅಂತ ಬರೆದಿದೆ, ನೋಡಿ ಹೇಳಿ. ಉಳಿದ ಮಾತು ಅದರ ಮೇಲೆ ನಿಲ್ಲುತ್ತದೆ.

ಮಾದಾಪುರ_ಮನೆ · 23 ಮಾರ್ಚ್ 2025, ಬೆಳಿಗ್ಗೆ 11:02

ಹುಡುಕಿದೆ ಸರ್. ಕನ್ನಡದಲ್ಲಿ ಹೇಳುವುದಾದರೆ, ಕೊನೆಯ ಸಂಬಂಧಪಟ್ಟ ಮತ್ತು ಅಗತ್ಯವಾದ ದಾಖಲೆ ಕಂಪನಿಗೆ ತಲುಪಿದ ದಿನದಿಂದ ಹಣ ಪಾವತಿಯಾಗುವ ದಿನದವರೆಗೆ, ಬ್ಯಾಂಕ್ ರೇಟಿಗಿಂತ ಶೇ. 2 ಹೆಚ್ಚಿನ ಬಡ್ಡಿ.

ಕುಶಾಲನಗರ_ಹಳೇ_ಸರ್ವೇಯರ್ · 23 ಮಾರ್ಚ್ 2025, ಮಧ್ಯಾಹ್ನ 2:15

ಸರಿ. ಇದರಲ್ಲಿ ಎರಡು ಮಾತು ಗಮನಿಸಿ.

ಮೊದಲನೆಯದು. ಗಡುವು ಮೀರಿದರೆ ಮಾತ್ರ ಬಡ್ಡಿ ಹುಟ್ಟುತ್ತದೆ, ನಿಜ. ಆದರೆ ಒಮ್ಮೆ ಮೀರಿತು ಅಂದರೆ ಎಣಿಕೆ ಗಡುವು ಮುಗಿದ ದಿನದಿಂದ ಅಲ್ಲ, ದಾಖಲೆ ತಲುಪಿದ ದಿನದಿಂದ. ಏಜೆಂಟ್ ಅವರು ನಡುವಿನ ದಿನಗಳನ್ನು ಬಿಟ್ಟು ಲೆಕ್ಕ ಹಾಕಿದರು. ನಿಮ್ಮ ಪಾಲಿಸಿಯ ಸಾಲಿನ ಪ್ರಕಾರ ಆ ದಿನಗಳನ್ನು ಬಿಡುವ ಹಾಗಿಲ್ಲ.

ಎರಡನೆಯದೇ ನಿಮ್ಮ ಕೇಸಿನ ಜೀವ. ಅಲ್ಲಿ ಬರೀ "ಕೊನೆಯ ದಾಖಲೆ" ಅಂತ ಇಲ್ಲ. "ಸಂಬಂಧಪಟ್ಟ ಮತ್ತು ಅಗತ್ಯವಾದ" ಅಂತ ಇದೆ. ಇಲ್ಲದಿದ್ದರೆ ತಿಂಗಳಿಗೊಂದು ಕಾಗದ ಕೇಳುತ್ತಾ ಹೋದರೆ ಗಡಿಯಾರ ಪ್ರತಿ ಸಲ ಸೊನ್ನೆಗೆ ಬರುತ್ತದೆ. ನಿಮಗೆ ಆಗಿದ್ದೂ ಅದೇ. ಹಾಗಾಗಿ ನಾಲ್ಕು ಸಲ ಕೊಟ್ಟ ಕಾಗದಗಳಲ್ಲಿ ಯಾವುದು ನಿಜಕ್ಕೂ ಬೇಕಿತ್ತು ಅಂತ ಒಂದೊಂದಾಗಿ ನೋಡಬೇಕು.

ಆಗಸ್ಟ್ 9ರದ್ದು ಎಲ್ಲವೂ ಬೇಕಿತ್ತು. ಪಟ್ಟಿ ಬಂದ ಮೇಲೆ ನೀವು ತೆಗೆದುಕೊಂಡ ಎರಡು ವಾರ ನಿಮ್ಮದೇ, ಅದನ್ನು ಕಂಪನಿಯ ಮೇಲೆ ಹಾಕಬೇಡಿ.

ಸೆಪ್ಟೆಂಬರ್ 2ರ ಗ್ರಾಮ ಆಡಳಿತಾಧಿಕಾರಿ ಸರ್ಟಿಫಿಕೇಟ್ ನಾನಾಗಿದ್ದರೂ ಕೇಳುತ್ತಿದ್ದೆ. ಯಾವ ರಾತ್ರಿ ಕುಸಿಯಿತು ಅನ್ನೋದಕ್ಕೆ ಹೊರಗಿನ ಸಾಕ್ಷಿ ಅದೊಂದೇ. ಆದರೆ ಜುಲೈ 26ರ ಪಟ್ಟಿಯಲ್ಲೇ ಕೇಳುತ್ತಿದ್ದೆ.

ಮಳೆ ದಾಖಲೆ ಬೇಕಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ಗೃಹ ರಕ್ಷಾದಲ್ಲಿ ಭೂಕುಸಿತ ತಾನೇ ಒಂದು ಪ್ರತ್ಯೇಕ ಅಪಾಯ. ಪ್ರವಾಹಕ್ಕೋ ಬಿರುಗಾಳಿಗೋ ಕ್ಲೇಮ್ ಹಾಕಿದ್ದರೆ ಹವಾಮಾನದ ದಾಖಲೆ ಕೇಳಲಿ. ಬರೆ ಜಾರಿ ಗೋಡೆಗೆ ಬಿದ್ದಿದೆ ಅನ್ನೋದು ಸ್ಥಳದಲ್ಲೇ ಕಣ್ಣಿಗೆ ಕಾಣುತ್ತದೆ. ಎಷ್ಟು ಮಿಲಿಮೀಟರ್ ಮಳೆಗೆ ಜಾರಿತು ಅನ್ನೋದು ಪಾಲಿಸಿಗೆ ಸಂಬಂಧವಿಲ್ಲ.

ಪ್ಲಾನೂ ಅಷ್ಟೇ. ಸರ್ವೇಯರ್ ಜುಲೈ 24ಕ್ಕೆ ಟೇಪ್ ಹಿಡಿದು ಅಳೆದಿದ್ದಾರೆ. ಆ ಸರ್ಕ್ಯುಲರ್ ಪ್ರಕಾರ ಬೇಕಾದ ಕಾಗದಗಳನ್ನು ಪಾಲಿಸಿ ಕೊಡುವಾಗಲೇ ಕೇಳಬೇಕು. ಕ್ಲೇಮಿನ ಹೊತ್ತಿಗೆ ಆ ಕ್ಲೇಮಿಗೆ ನೇರ ಸಂಬಂಧ ಇರುವುದನ್ನು ಮಾತ್ರ ಕೇಳಬಹುದು.

ವಿರಾಜಪೇಟೆ_ಕಾಂಟ್ರಾಕ್ಟರ್ · 23 ಮಾರ್ಚ್ 2025, ಸಂಜೆ 7:30

ಸರ್, ಪ್ಲಾನ್ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ನಾನು ಮನೆ ಕಟ್ಟಿಸುವವನು. ನಮ್ಮ ಜಿಲ್ಲೆಯಲ್ಲಿ ಅರ್ಧ ಬರೆ ಜಾರುವುದು ಜೆಸಿಬಿ ತಂದು ಕಡಿದದ್ದಕ್ಕೆ. ಮನೆ ಹಿಂದೆ ಎಂಟಡಿ ಜಾಗ ಬೇಕು ಅಂತ ನೇರವಾಗಿ ಕಡಿಸುತ್ತಾರೆ, ಇಳಿಜಾರು ಬಿಡುವುದಿಲ್ಲ, ಮೇಲಿನ ನೀರಿಗೆ ಚರಂಡಿ ಮಾಡುವುದಿಲ್ಲ. ಗೃಹ ರಕ್ಷಾದಲ್ಲಿ ಭೂಕುಸಿತ ಇದೆ, ಆದರೆ ಅಗೆತದಿಂದ, ಕಟ್ಟಡ ಕೆಲಸದಿಂದ, ಮನೆಯ ಮಾರ್ಪಾಡಿನಿಂದ ಆದ ಕುಸಿತ ಇಲ್ಲ. ಅದನ್ನು ತಿಳಿಯಲು ಹಳೆಯ ಪ್ಲಾನ್ ಕೇಳಿರಬಹುದು. ಪ್ಲಾನಿನಲ್ಲಿ ಇಲ್ಲದ ಬಚ್ಚಲು ಹಿಂದೆ ಸೇರಿಸಿದ್ದಾರಾ, ಅದಕ್ಕಾಗಿ ಬರೆ ಕಡಿದಿದ್ದಾರಾ ಅನ್ನೋ ಪ್ರಶ್ನೆ ಬಂದೇ ಬರುತ್ತದೆ.

ಅಕ್ಕಾ, ನಿಮ್ಮ ಬರೆ ಯಾವಾಗ ಕಡಿಸಿದ್ದು?

ಮಾದಾಪುರ_ಮನೆ · 23 ಮಾರ್ಚ್ 2025, ರಾತ್ರಿ 8:05

2009ರಲ್ಲಿ, ಮನೆ ಕಟ್ಟುವಾಗ ಅಣ್ಣ. ಆಮೇಲೆ ಒಂದು ಬುಟ್ಟಿ ಮಣ್ಣೂ ತೆಗೆಸಿಲ್ಲ. 2018ರ ಆಗಸ್ಟಿನಲ್ಲಿ ನಮ್ಮ ಸುತ್ತಮುತ್ತ ಅಷ್ಟೆಲ್ಲ ಜಾರಿದಾಗಲೂ ಈ ಬರೆ ನಿಂತಿತ್ತು. ಅದೇ ಧೈರ್ಯದಲ್ಲಿ ಇದ್ದೆವು. ಬಚ್ಚಲು ಮೊದಲಿನಿಂದಲೂ ಅಲ್ಲೇ ಇತ್ತು.

ಕುಶಾಲನಗರ_ಹಳೇ_ಸರ್ವೇಯರ್ · 23 ಮಾರ್ಚ್ 2025, ರಾತ್ರಿ 8:40

ಕಾಂಟ್ರಾಕ್ಟರ್ ಹೇಳಿದ್ದರಲ್ಲಿ ಹುರುಳಿದೆ. ಅಗೆತದ ಪ್ರಶ್ನೆ ನಿಜವಾದ ಪ್ರಶ್ನೆ. ಆದರೆ ಹೊಸದಾಗಿ ಕಡಿದ ಬರೆ ಸ್ಥಳಕ್ಕೆ ಹೋದವನಿಗೆ ಕಾಣುತ್ತದೆ. ಜೆಸಿಬಿ ಹಲ್ಲಿನ ಗೆರೆ ಇರುತ್ತದೆ, ಮಣ್ಣಿನ ಮುಖ ಹಸಿಯಾಗಿರುತ್ತದೆ, ಹುಲ್ಲು, ಪಾಚಿ ಇರುವುದಿಲ್ಲ. ಹದಿನೈದು ವರ್ಷದ ಬರೆಯ ಮೇಲೆ ಗಿಡದ ಬೇರು ಇಳಿದಿರುತ್ತದೆ. ಅದನ್ನು ಜುಲೈ 24ಕ್ಕೇ ಬರೆದುಕೊಳ್ಳಬೇಕಿತ್ತು. ಡಿಸೆಂಬರಿಗೆ ಮಣ್ಣು ತೆಗೆಸಿ ಹೊಸ ಗೋಡೆ ಎದ್ದಿದೆ. ಆಗ ಪ್ಲಾನ್ ನೋಡಿ ಏನು ತಿಳಿಯುತ್ತದೆ?

ಮೇಡಂ, ಕುಸಿದ ಮಾರನೇ ದಿನದ ಫೋಟೋಗಳನ್ನು ಅಳಿಸಬೇಡಿ. ಬರೆಯ ಮೇಲ್ಭಾಗ ಕಾಣುವ ಫೋಟೋ ಇದ್ದರೆ ಇನ್ನೂ ಒಳ್ಳೆಯದು.

ಪೊನ್ನಂಪೇಟೆ_ಬೆಂಗಳೂರಲ್ಲಿ · 24 ಮಾರ್ಚ್ 2025, ಬೆಳಿಗ್ಗೆ 8:12

ರೂಪಾಯಿಯಲ್ಲಿ ಲೆಕ್ಕ ಹಾಕೋಣವಾ? ರೆಪೋ ದರ ಈಗ 6.25. ಅದಕ್ಕೆ 2 ಸೇರಿಸಿದರೆ 8.25. ಸರಿನಾ ಸರ್?

ಕುಶಾಲನಗರ_ಹಳೇ_ಸರ್ವೇಯರ್ · 24 ಮಾರ್ಚ್ 2025, ಬೆಳಿಗ್ಗೆ 9:00

ಎರಡು ಕಡೆ ತಪ್ಪಿದೆ, ಆದರೆ ಎಲ್ಲರೂ ಮಾಡುವ ತಪ್ಪೇ. ರೆಪೋ ದರ ಬೇರೆ, ಬ್ಯಾಂಕ್ ರೇಟ್ ಬೇರೆ. ಬ್ಯಾಂಕ್ ರೇಟ್ ರೆಪೋಗಿಂತ ಕಾಲು ಶೇಕಡಾ ಮೇಲಿದೆ. ಮತ್ತೆ ಇವತ್ತಿನ ದರ ತೆಗೆದುಕೊಳ್ಳಬಾರದು. ಕ್ಲೇಮ್ ಹಣ ಯಾವ ಹಣಕಾಸು ವರ್ಷದಲ್ಲಿ ಕೊಡಬೇಕಾಗಿತ್ತೋ ಆ ವರ್ಷದ ಮೊದಲ ದಿನ ಇದ್ದ ದರ. ಇವರ ಕ್ಲೇಮ್ 2024–25ಕ್ಕೆ ಸೇರುತ್ತದೆ. 2024ರ ಏಪ್ರಿಲ್ 1ಕ್ಕೆ ಬ್ಯಾಂಕ್ ರೇಟ್ 6.75. ಅದಕ್ಕೆ 2 ಸೇರಿದರೆ ಶೇ. 8.75.

4,20,000ಕ್ಕೆ ಶೇ. 8.75 ಅಂದರೆ ವರ್ಷಕ್ಕೆ 36,750. ದಿನಕ್ಕೆ ನೂರು ರೂಪಾಯಿ ಅರವತ್ತೆಂಟು ಪೈಸೆ. ನೆನಪಿಟ್ಟುಕೊಳ್ಳಲು ಸುಲಭ, ದಿನಕ್ಕೆ ನೂರು ರೂಪಾಯಿ.

ಮಾರ್ಚ್ 10ರ ತನಕ ಎಣಿಸಿ. ಆಗಸ್ಟ್ 9ರಿಂದ 213 ದಿನ, 21,446 ರೂಪಾಯಿ. ಸೆಪ್ಟೆಂಬರ್ 2ರಿಂದ 189 ದಿನ, 19,029. ಡಿಸೆಂಬರ್ 12ರಿಂದ ಆದರೆ 88 ದಿನ, 8,860. ಯಾವ ಕಾಗದ ಕೊನೆಯದು ಅನ್ನೋ ಒಂದೇ ಪ್ರಶ್ನೆಗೆ ಹನ್ನೆರಡು ಸಾವಿರಕ್ಕೂ ಜಾಸ್ತಿ ವ್ಯತ್ಯಾಸ.

ವೋಚರಿನ ಬಗ್ಗೆ ಹೆದರಬೇಡಿ. 2015ರ ಸೆಪ್ಟೆಂಬರಿನಲ್ಲೇ ಐಆರ್‌ಡಿಎಐ ಸುತ್ತೋಲೆ ಹೊರಡಿಸಿ, ವೋಚರಿಗೆ ಸಹಿ ಹಾಕಿದ ಮಾತ್ರಕ್ಕೆ ಪಾಲಿಸಿದಾರರು ಮುಂದೆ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲ ಅಂತ ಹೇಳಿದೆ. ಆದರೂ ಮುಂದೆ ಯಾರಾದರೂ ಸಹಿ ಹಾಕುವಾಗ, ಸಹಿಯ ಮೇಲೆ "ತಡದ ಬಡ್ಡಿ ಕೇಳುವ ಹಕ್ಕು ಉಳಿಸಿಕೊಂಡು" ಅಂತ ಒಂದು ಸಾಲು ಬರೆದು, ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ಈಗ ನೀವು ಕಂಪನಿಯ ದೂರು ಅಧಿಕಾರಿಗೆ ಈಮೇಲ್ ಕಳಿಸಿ. ದಿನಾಂಕಗಳನ್ನು ಸುಮ್ನೆ ಸಾಲಾಗಿ ಬರೆಯಿರಿ, ಬೈಗುಳ ಬೇಡ. ಬಡ್ಡಿಯ ಲೆಕ್ಕ ಹಾಕಿ ತೋರಿಸಿ. ಜೊತೆಗೆ ಸರ್ವೇ ವರದಿಯ ಪ್ರತಿ ಕೊಡಿ ಅಂತ ಕೇಳಿ. ಇದನ್ನು ಮರೆಯಬೇಡಿ. ಅದು ನಿಮಗೆ ಸಿಗಬೇಕಾದದ್ದು.

ನಾಪೋಕ್ಲು_ಅಕ್ಕ · 24 ಮಾರ್ಚ್ 2025, ಮಧ್ಯಾಹ್ನ 1:20

ಆಸ್ಪತ್ರೆ ಕ್ಲೇಮಿಗೂ ಇದು ಬರುತ್ತದಾ ಸರ್? ನಮ್ಮ ಯಜಮಾನರಿಗೆ ಮೈಸೂರಿನಲ್ಲಿ ಆಪರೇಷನ್ ಆಯಿತು. ಕ್ಯಾಶ್‌ಲೆಸ್ ಆಗಲಿಲ್ಲ, ನಾವೇ ಕಟ್ಟಿದೆವು. ಜನವರಿ 6ಕ್ಕೆ ಬಿಲ್ಲೆಲ್ಲ ಕೊಟ್ಟೆ. ಅವರು ಮತ್ತೆ ಏನೂ ಕೇಳಲಿಲ್ಲ. ಫೆಬ್ರವರಿ 19ಕ್ಕೆ 1,30,000 ಬಂತು. ಬಡ್ಡಿ ಇಲ್ಲ.

ಕುಶಾಲನಗರ_ಹಳೇ_ಸರ್ವೇಯರ್ · 24 ಮಾರ್ಚ್ 2025, ಮಧ್ಯಾಹ್ನ 3:45

ಬರುತ್ತದೆ ಅಕ್ಕ. ನಾವೇ ಕಟ್ಟಿ ಆಮೇಲೆ ಕೇಳುವ ಆಸ್ಪತ್ರೆ ಕ್ಲೇಮಿಗೆ ಈಗ 15 ದಿನ. ನಿಮ್ಮದು 44 ದಿನ ಆಗಿದೆ. ನಿಮ್ಮ ಪಾಲಿಸಿಯಲ್ಲೂ ದಾಖಲೆ ತಲುಪಿದ ದಿನದಿಂದ ಅಂತ ಇದ್ದರೆ 1,371 ರೂಪಾಯಿ ಬರಬೇಕು. ನಿಮ್ಮ ಕೇಸು ಇವರದ್ದಕ್ಕಿಂತ ಸುಲಭ. ಕಾಗದ ಒಂದೇ ಸಲ ಕೊಟ್ಟಿದ್ದೀರಿ, ಕೊನೆಯ ದಾಖಲೆ ಯಾವುದು ಅನ್ನೋ ಜಗಳವೇ ಇಲ್ಲ. ಒಂದು ಈಮೇಲ್ ಸಾಕು.

ನಾಪೋಕ್ಲು_ಅಕ್ಕ · 24 ಮಾರ್ಚ್ 2025, ಸಂಜೆ 4:10

ಸಾವಿರದ ಮುನ್ನೂರಕ್ಕೆ ಯಾಕೆ ತಲೆನೋವು ಅಂತ ಮಗ ಹೇಳುತ್ತಾನೆ. ಆದರೆ ನಮ್ಮ ಹಣ ತಾನೇ. ಇವತ್ತೇ ಕಳಿಸುತ್ತೇನೆ.

ಸುಂಟಿಕೊಪ್ಪ_ಏಜೆಂಟ್ · 24 ಮಾರ್ಚ್ 2025, ರಾತ್ರಿ 9:30

ಸರ್, ತಿದ್ದಿದ್ದಕ್ಕೆ ಧನ್ಯವಾದ. ನಾನು ಜಾಸ್ತಿ ಲೈಫ್ ಪಾಲಿಸಿ ಮಾಡಿಸುವವನು. ಮನೆ ಯಜಮಾನ ತೀರಿಕೊಂಡಾಗ ನಾಮಿನಿಗಳಿಗೆ 30 ದಿನ ಕಾಯಿರಿ ಅಂತಲೇ ಹೇಳುತ್ತಾ ಬಂದಿದ್ದೇನೆ. ಅದೂ ಬದಲಾಗಿದೆಯಾ?

ಕುಶಾಲನಗರ_ಹಳೇ_ಸರ್ವೇಯರ್ · 24 ಮಾರ್ಚ್ 2025, ರಾತ್ರಿ 9:52

ಬದಲಾಗಿದೆ. ಮರಣದ ಕ್ಲೇಮಿಗೆ ತನಿಖೆ ಬೇಡದಿದ್ದರೆ 15 ದಿನ, ತನಿಖೆ ಇದ್ದರೆ 45 ದಿನ. 2024ರ ಸೆಪ್ಟೆಂಬರ್ 5ರ ಸರ್ಕ್ಯುಲರಿನಲ್ಲಿದೆ. ದಯವಿಟ್ಟು ನಾಮಿನಿಗಳಿಗೆ ಇದನ್ನೇ ಹೇಳಿ.

ಮಾದಾಪುರ_ಮನೆ · 24 ಮಾರ್ಚ್ 2025, ರಾತ್ರಿ 10:40

ಈಮೇಲ್ ಕಳಿಸಿದೆ. ಆಗಸ್ಟ್ 9ರ ಸೀಲಿನ ಫೋಟೋ, ವಾಟ್ಸಾಪ್ ಪಟ್ಟಿ, ನಾಲ್ಕೂ ಸಲ ಕೊಟ್ಟ ಕಾಗದದ ದಿನಾಂಕ ಎಲ್ಲ ಹಾಕಿದ್ದೇನೆ. 21,446 ಕೇಳಿದ್ದೇನೆ. ವರದಿಯ ಪ್ರತಿಯನ್ನೂ ಕೇಳಿದ್ದೇನೆ.

ಮಾದಾಪುರ_ಮನೆ · 8 ಏಪ್ರಿಲ್ 2025, ಬೆಳಿಗ್ಗೆ 10:15

ನಿನ್ನೆ ಉತ್ತರ ಬಂತು, ಹದಿನಾಲ್ಕನೇ ದಿನಕ್ಕೆ. ಕೊನೆಯ ದಾಖಲೆ 2024ರ ಡಿಸೆಂಬರ್ 12ಕ್ಕೆ ಬಂದಿದೆ, ಅಲ್ಲಿಂದ 88 ದಿನಕ್ಕೆ 8,860 ರೂಪಾಯಿ ಬಡ್ಡಿ ಕೊಡುತ್ತೇವೆ ಅಂತ ಬರೆದಿದ್ದಾರೆ. ದಿನದ ಲೆಕ್ಕ ಸರ್ ಹೇಳಿದ ಹಾಗೇ ಇದೆ. ಮಳೆ ದಾಖಲೆ, ಪ್ಲಾನ್ ಎರಡೂ "ಪ್ರಕ್ರಿಯೆಗೆ ಬೇಕಾಗಿದ್ದವು" ಅಂತ ಒಂದೇ ಸಾಲು. ಯಾಕೆ ಬೇಕಾಗಿದ್ದವು ಅಂತ ಇಲ್ಲ. ಸರ್ವೇ ವರದಿ ಬೇರೆ ಕಳಿಸುತ್ತಾರಂತೆ.

ಈ 8,860 ತೆಗೆದುಕೊಂಡರೆ ಉಳಿದದ್ದು ಹೋಗುತ್ತದಾ?

ಮಡಿಕೇರಿ_ವಕೀಲ · 8 ಏಪ್ರಿಲ್ 2025, ಸಂಜೆ 6:20

ತೆಗೆದುಕೊಳ್ಳಿ. ಆದರೆ ಭಾಗಶಃ ಮೊತ್ತ ಅಂತ ಒಪ್ಪುತ್ತಿದ್ದೇನೆ, ಉಳಿದದ್ದರ ಹಕ್ಕು ಬಿಟ್ಟಿಲ್ಲ ಅಂತ ಅದೇ ಈಮೇಲಿಗೆ ಉತ್ತರ ಬರೆಯಿರಿ.

ಮುಂದೆ ಎರಡು ದಾರಿ. ಒಂದು ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್. ಇನ್ನೊಂದು ನಮ್ಮ ಮಡಿಕೇರಿಯಲ್ಲೇ ಇರುವ ಜಿಲ್ಲಾ ಗ್ರಾಹಕ ಆಯೋಗ. ನಾನಾದರೆ ಆಯೋಗಕ್ಕೆ ಹೋಗುತ್ತಿದ್ದೆ. ಅಲ್ಲಿ ಬಡ್ಡಿಯ ಜೊತೆ ಮಾನಸಿಕ ಹಿಂಸೆಗೆ ಪರಿಹಾರ, ದಾವೆ ಖರ್ಚು ಕೇಳಬಹುದು. ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಎರಡು ವರ್ಷದ ಅವಧಿಯೂ ಇದೆ.

ಕುಶಾಲನಗರ_ಹಳೇ_ಸರ್ವೇಯರ್ · 8 ಏಪ್ರಿಲ್ 2025, ರಾತ್ರಿ 8:00

ವಕೀಲರೇ, ಹತ್ತು ಹನ್ನೆರಡು ಸಾವಿರದ ವಿಷಯಕ್ಕೆ ಆಯೋಗ ಉದ್ದದ ದಾರಿ. ಒಂಬುಡ್ಸ್‌ಮನ್ ಹತ್ತಿರ ಫೀಸಿಲ್ಲ, ವಕೀಲರು ಬೇಕಿಲ್ಲ. ಕಂಪನಿ ಒಂದು ತಿಂಗಳು ಉತ್ತರ ಕೊಡದಿದ್ದರೆ ಅಥವಾ ಉತ್ತರ ಸಮಾಧಾನ ಕೊಡದಿದ್ದರೆ, ಅಲ್ಲಿಂದ ಒಂದು ವರ್ಷದೊಳಗೆ ಹೋಗಬಹುದು. ವಿಚಾರಣೆ ವಿಡಿಯೋದಲ್ಲೂ ಆಗುತ್ತದೆ, ಮಾದಾಪುರದಿಂದ ಬೆಂಗಳೂರಿಗೆ ಬಸ್ ಹತ್ತಬೇಕಾಗಿಲ್ಲ.

ಮಡಿಕೇರಿ_ವಕೀಲ · 8 ಏಪ್ರಿಲ್ 2025, ರಾತ್ರಿ 8:25

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಆಯೋಗದಲ್ಲಿ ಅದೇ ವಿಷಯ ನಡೆಯುತ್ತಿದ್ದರೆ ಒಂಬುಡ್ಸ್‌ಮನ್ ಕೇಸು ತೆಗೆದುಕೊಳ್ಳುವುದಿಲ್ಲ. ಎರಡೂ ಕಡೆ ಒಟ್ಟಿಗೆ ಹಾಕಬೇಡಿ. ಯಾವುದು ಮೊದಲು ಅನ್ನೋದರಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

ಪೊನ್ನಂಪೇಟೆ_ಬೆಂಗಳೂರಲ್ಲಿ · 10 ಏಪ್ರಿಲ್ 2025, ಬೆಳಿಗ್ಗೆ 7:50

ನಿನ್ನೆ ಆರ್‌ಬಿಐ ಮತ್ತೆ ದರ ಇಳಿಸಿದೆ. ಅಕ್ಕನ ಬಡ್ಡಿಯೂ ಇಳಿಯುತ್ತದಾ?

ಕುಶಾಲನಗರ_ಹಳೇ_ಸರ್ವೇಯರ್ · 10 ಏಪ್ರಿಲ್ 2025, ಬೆಳಿಗ್ಗೆ 8:30

ಇಲ್ಲ. ಅವರದು 2024ರ ಏಪ್ರಿಲ್ 1ರ ದರಕ್ಕೇ ನಿಂತಿದೆ. ಈ ಏಪ್ರಿಲ್ ನಂತರ ಬಾಕಿ ಬೀಳುವ ಕ್ಲೇಮುಗಳಿಗೂ ನಿನ್ನೆಯ ಇಳಿಕೆ ತಾಗುವುದಿಲ್ಲ. ಏಪ್ರಿಲ್ 1ಕ್ಕೆ ಬ್ಯಾಂಕ್ ರೇಟ್ 6.50 ಇತ್ತು. ಅದೇ ಈ ವರ್ಷ ಪೂರ್ತಿ, ಎರಡು ಸೇರಿಸಿ 8.50.

ಮಾದಾಪುರ_ಮನೆ · 26 ಏಪ್ರಿಲ್ 2025, ರಾತ್ರಿ 9:20

ಸರ್ವೇ ವರದಿಯ ಪ್ರತಿ ಇವತ್ತು ಬಂತು. ಒಂಬತ್ತು ಪುಟ. ಓದಿ ಕೈ ನಡುಗಿತು.

ಕೊನೆಯ ಪುಟದಲ್ಲಿ ಸರ್ವೇಯರ್ ಸಹಿಯ ಕೆಳಗೆ ದಿನಾಂಕ ಇದೆ. 18 ಸೆಪ್ಟೆಂಬರ್ 2024. ಅದರ ಪಕ್ಕದಲ್ಲಿ ಕಂಪನಿಯ ಇನ್‌ವರ್ಡ್ ಸೀಲು, 20 ಸೆಪ್ಟೆಂಬರ್. ಒಪ್ಪಿದ ಮೊತ್ತ 4,20,000. ಜನವರಿಯಲ್ಲಿ ನನಗೆ ಹೇಳಿದ್ದೂ ಅಷ್ಟೇ, ಒಂದು ರೂಪಾಯಿ ಬದಲಾಗಿಲ್ಲ. ಆರನೇ ಪುಟದಲ್ಲಿ ಬರೆಯ ಬಗ್ಗೆ ಎರಡು ಸಾಲು ಇದೆ. ಹಳೆಯ ಬರೆ, ಹೊಸದಾಗಿ ಅಗೆದ ಗುರುತು ಕಂಡಿಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ನೋಡಿದ ದಾಖಲೆಗಳ ಪಟ್ಟಿಯಲ್ಲಿ ಗ್ರಾಮ ಆಡಳಿತಾಧಿಕಾರಿ ಸರ್ಟಿಫಿಕೇಟ್ ಇದೆ. ಮಳೆ ದಾಖಲೆ ಇಲ್ಲ, ಪ್ಲಾನ್ ಇಲ್ಲ. ಇರಲು ಹೇಗೆ ಸಾಧ್ಯ, ಅವನ್ನು ನನ್ನ ಹತ್ತಿರ ಕೇಳಿದ್ದೇ ಆಮೇಲೆ.

ಆ ಸರ್ವೇಯರ್ ಮೇಲೆ ನಾನು ಇಷ್ಟು ದಿನ ಸಿಟ್ಟಿಟ್ಟುಕೊಂಡಿದ್ದೆ. ಅವರು ತಡ ಮಾಡಿದ್ದು ನಿಜ. ಆದರೆ ನಾಲ್ಕು ತಿಂಗಳು ಕಾಗದ ಕೂತಿದ್ದು ಆಫೀಸಿನ ಮೇಜಿನ ಮೇಲೆ.

ಕುಶಾಲನಗರ_ಹಳೇ_ಸರ್ವೇಯರ್ · 26 ಏಪ್ರಿಲ್ 2025, ರಾತ್ರಿ 10:05

ಇದಕ್ಕೇ ವರದಿ ಕೇಳಿ ಅಂದದ್ದು. ಸೆಪ್ಟೆಂಬರ್ 20ಕ್ಕೆ ವರದಿ ಕೈಸೇರಿದೆ. 7 ದಿನ ಅಂದರೆ 27ಕ್ಕೆ ತೀರ್ಮಾನ ಹೇಳಬೇಕಿತ್ತು. ಹೇಳಿದ್ದು ಜನವರಿ 27ಕ್ಕೆ. ಅಕ್ಟೋಬರ್, ಡಿಸೆಂಬರಿನ ಕಾಗದ ಇಲ್ಲದೆಯೇ ನಷ್ಟದ ಮೊತ್ತ ನಿಂತಿದೆ, ಅವು ಬಂದ ಮೇಲೂ ಅದು ಅಲುಗಾಡಿಲ್ಲ. ಹಾಗಿದ್ದರೆ ಅವು "ಅಗತ್ಯ" ಹೇಗಾಗುತ್ತವೆ?

ವಿರಾಜಪೇಟೆ_ಕಾಂಟ್ರಾಕ್ಟರ್ · 26 ಏಪ್ರಿಲ್ 2025, ರಾತ್ರಿ 10:30

ಬರೆಯ ಬಗ್ಗೆ ಅಷ್ಟು ಸ್ಪಷ್ಟವಾಗಿ ಬರೆದಿದ್ದರೆ ನನ್ನ ಮಾತಿನ ಬಲ ಕಡಿಮೆ ಆಯಿತು, ಒಪ್ಪುತ್ತೇನೆ. ಆದರೂ ವರದಿ ಬಂದ ಮೇಲೆ ಕಂಪನಿಗೆ ಅನುಮಾನ ಬಂದರೆ ಕೇಳಲೇಬಾರದು ಅಂತ ಇಲ್ಲವಲ್ಲ ಸರ್. ಸರ್ವೇಯರ್ ಹೇಳಿದ್ದೇ ಕೊನೆ ಮಾತಲ್ಲ.

ಕುಶಾಲನಗರ_ಹಳೇ_ಸರ್ವೇಯರ್ · 27 ಏಪ್ರಿಲ್ 2025, ಬೆಳಿಗ್ಗೆ 6:50

ಕೇಳಬಹುದು. ಆದರೆ ಅನುಮಾನ ಏನು ಅಂತ ಸರ್ವೇಯರಿಗೆ ಬರೆದು ಹೆಚ್ಚುವರಿ ವರದಿ ತರಿಸಬೇಕು. ಇವರ ಕಡತದಲ್ಲಿ ಅಂಥ ಪತ್ರ ಇದ್ದರೆ ನಿಮ್ಮ ವಾದ ನಿಲ್ಲುತ್ತದೆ. ಇದ್ದರೆ ಅವರು ಒಂಬುಡ್ಸ್‌ಮನ್ ಮುಂದೆ ತರುತ್ತಾರೆ. ಅಲ್ಲಿಯವರೆಗೆ ನಾವಿಬ್ಬರೂ ಇಲ್ಲಿ ತೀರ್ಮಾನ ಮಾಡಲಾಗುವುದಿಲ್ಲ.

ಮಾದಾಪುರ_ಮನೆ · 27 ಏಪ್ರಿಲ್ 2025, ಮಧ್ಯಾಹ್ನ 12:30

ಒಂಬುಡ್ಸ್‌ಮನ್‌ಗೇ ಬರೆಯುತ್ತಿದ್ದೇನೆ. ವಕೀಲ ಸರ್, ಬೇಜಾರು ಮಾಡಿಕೊಳ್ಳಬೇಡಿ. ಅಲ್ಲಿ ಆಗದಿದ್ದರೆ ನಿಮ್ಮ ಬಾಗಿಲಿಗೇ ಬರುತ್ತೇನೆ.

ಎಷ್ಟು ಕೇಳುವುದು ಅನ್ನೋದರಲ್ಲಿ ಒಂದು ದಿನ ಯೋಚನೆ ಮಾಡಿದೆ. ಆಗಸ್ಟ್ 9ರಿಂದ ಹಿಡಿದರೆ ಬರಬೇಕಾದ ಬಾಕಿ 12,586. ಸೆಪ್ಟೆಂಬರ್ 2ರಿಂದ ಹಿಡಿದರೆ 10,169. ಸರ್ಟಿಫಿಕೇಟ್ ವರದಿಯಲ್ಲಿ ಬಳಕೆಯಾಗಿದೆ, ಸರ್ ಕೂಡ ಅದು ಬೇಕಿತ್ತು ಅಂದಿದ್ದಾರೆ. ಹಾಗಾಗಿ 10,169 ಅಂತ ಬರೆದಿದ್ದೇನೆ. ಜೊತೆಗೆ ಆರನೇ ಪುಟ, ಒಂಬತ್ತನೇ ಪುಟದ ಪ್ರತಿ, ಮತ್ತೆ ಅಕ್ಟೋಬರ್, ಡಿಸೆಂಬರಿನಲ್ಲಿ ಕಾಗದ ಕೇಳಿದ ಅವರ ಈಮೇಲ್ ಇಟ್ಟಿದ್ದೇನೆ. ನಾಳೆ ಸ್ಪೀಡ್ ಪೋಸ್ಟ್ ಮಾಡುತ್ತೇನೆ.

ನಾಪೋಕ್ಲು_ಅಕ್ಕ · 27 ಏಪ್ರಿಲ್ 2025, ಸಂಜೆ 5:15

ನನ್ನ 1,371 ಮೊನ್ನೆ ಖಾತೆಗೆ ಬಂತು. ಮಗನಿಗೆ ಮೆಸೇಜ್ ತೋರಿಸಿದೆ. ಮಾದಾಪುರದ ತಂಗೀ, ಪೋಸ್ಟ್ ಮಾಡಿದ ರಶೀದಿ ಜೋಪಾನವಾಗಿ ಇಟ್ಟುಕೋ.